ಫೋನ್ ಕಾಣುತ್ತದೆ, ಫೋಟೊ ಕಾಣುವುದಿಲ್ಲ

ಲಿನಕ್ಸ್ ಲ್ಯಾಪ್‌ಟಾಪ್‌ಗೆ ಆಂಡ್ರಾಯ್ಡ್ ಫೋನ್ ಜೋಡಿಸಿದರೆ ಫೈಲ್ ಮ್ಯಾನೇಜರಿನ ಪಕ್ಕದ ಪಟ್ಟಿಯಲ್ಲಿ ಫೋನಿನ ಹೆಸರು ಬರುತ್ತದೆ. ಒತ್ತಿದರೆ ಫೋಲ್ಡರ್ ತೆರೆದುಕೊಳ್ಳುತ್ತದೆ, ಆದರೆ ಒಳಗೆ ಏನೂ ಇರುವುದಿಲ್ಲ. ಅದೇ ಲ್ಯಾಪ್‌ಟಾಪ್‌ನಲ್ಲಿ ಪೆನ್‌ಡ್ರೈವ್ ಸರಾಗವಾಗಿ ನಡೆಯುವುದರಿಂದ, ಫೋನಿನ ವಿಷಯದಲ್ಲಿ ಲಿನಕ್ಸ್‌ಗೇ ಏನೋ ಕೊರತೆ ಇದೆ ಎಂದು ಅನೇಕರು ತೀರ್ಮಾನಿಸಿಬಿಡುತ್ತಾರೆ. ಹೆಚ್ಚಿನ ಸಲ ಲ್ಯಾಪ್‌ಟಾಪ್ ತೋರಿಸುತ್ತಿರುವುದು ನಿಜವೇ. ಆ ಹೊತ್ತಿನಲ್ಲಿ ಫೋನ್ ಅದಕ್ಕೆ ಏನನ್ನೂ ಬಿಟ್ಟುಕೊಟ್ಟಿರುವುದಿಲ್ಲ.

ಪೆನ್‌ಡ್ರೈವ್ ತನ್ನ ಇಡೀ ಜಾಗವನ್ನು ಕಂಪ್ಯೂಟರಿನ ಕೈಗೆ ಒಪ್ಪಿಸುತ್ತದೆ. ಯಾವ ಫೈಲ್ ಎಲ್ಲಿದೆ ಎಂದು ಓದುವುದು, ಹೊಸದನ್ನು ಎಲ್ಲಿ ಬರೆಯಬೇಕೆಂದು ನಿರ್ಧರಿಸುವುದು ಎಲ್ಲವೂ ಕಂಪ್ಯೂಟರಿನ ಕೆಲಸ. ಆರಂಭದ ಆಂಡ್ರಾಯ್ಡ್ ಫೋನುಗಳೂ ತಮ್ಮ ಮೆಮೊರಿ ಕಾರ್ಡನ್ನು ಹೀಗೆಯೇ ಕೊಡುತ್ತಿದ್ದವು. ಆದರೆ ಒಂದೇ ಕಾರ್ಡಿನ ಮೇಲೆ ಇಬ್ಬರು ಏಕಕಾಲಕ್ಕೆ ಬರೆದರೆ ಲೆಕ್ಕ ಕೆಟ್ಟುಹೋಗುತ್ತದೆ. ಆದ್ದರಿಂದ ಕಂಪ್ಯೂಟರ್ ಬಳಸುತ್ತಿರುವಷ್ಟು ಹೊತ್ತು ಫೋನಿನ ಆ್ಯಪ್‌ಗಳಿಗೆ ಆ ಕಾರ್ಡ್ ಸಿಗುತ್ತಿರಲಿಲ್ಲ. 2011ರಲ್ಲಿ ಬಂದ ಆಂಡ್ರಾಯ್ಡ್ 3.0 ಬೇರೆ ದಾರಿ ಹಿಡಿಯಿತು. ಅದೇ ಎಂಟಿಪಿ, ಅಂದರೆ ಮೀಡಿಯಾ ಟ್ರಾನ್ಸ್‌ಫರ್ ಪ್ರೊಟೊಕಾಲ್. ಡಿಜಿಟಲ್ ಕ್ಯಾಮೆರಾಗಳ ಪಿಟಿಪಿ ಎಂಬ ನಿಯಮಾವಳಿಯನ್ನು ಹಿಗ್ಗಿಸಿ ಮೈಕ್ರೊಸಾಫ್ಟ್ ಇದನ್ನು ರೂಪಿಸಿತ್ತು.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಂತೆ ಇದರ ವ್ಯವಹಾರ. ಒಳಗೆ ಹೋಗಲು ನಮಗೆ ಬಿಡುವುದಿಲ್ಲ, ಚೀಟಿ ಕೊಟ್ಟರೆ ಗುಮಾಸ್ತರೇ ಕಡತ ತಂದುಕೊಡುತ್ತಾರೆ. ಲ್ಯಾಪ್‌ಟಾಪ್ ಮೊದಲು ಫೋನಿನ ಜೊತೆ ಒಂದು ಸೆಷನ್ ತೆರೆಯುತ್ತದೆ. ನಿನ್ನಲ್ಲಿ ಎಷ್ಟು ಸಂಗ್ರಹಗಳಿವೆ ಎಂದು ಕೇಳುತ್ತದೆ. ಫೋನಿನ ಒಳಮೆಮೊರಿ ಒಂದು, ಎಸ್‌ಡಿ ಕಾರ್ಡ್ ಇದ್ದರೆ ಮತ್ತೊಂದು. ಆಮೇಲೆ ಆಯಾ ಸಂಗ್ರಹದಲ್ಲಿರುವ ಫೈಲುಗಳ ಸಂಖ್ಯೆಗಳನ್ನು, ಪ್ರತಿ ಸಂಖ್ಯೆಗೂ ಹೆಸರು ಮತ್ತು ಗಾತ್ರವನ್ನು ಕೇಳಿ ಪಡೆಯುತ್ತದೆ. ನಮಗೆ ಕಾಣುವ ಫೋಲ್ಡರ್ ಈ ಉತ್ತರಗಳಿಂದ ಕಟ್ಟಿದ ಚಿತ್ರ. ಸಾವಿರಾರು ಫೋಟೊ ಇರುವ ಫೋಲ್ಡರ್ ನಿಧಾನವಾಗಿ ತೆರೆಯುವುದಕ್ಕೂ ಇದೇ ಕಾರಣ.

ಖಾಲಿ ಫೋಲ್ಡರಿನ ಗುಟ್ಟು ಇರುವುದು ಸಂಗ್ರಹಗಳನ್ನು ಕೇಳುವ ಹಂತದಲ್ಲಿ. ಆಂಡ್ರಾಯ್ಡ್ 6ರಿಂದ ಈಚೆಗೆ, ಕೇಬಲ್ ಹಾಕಿದೊಡನೆ ಫೋನ್ ಚಾರ್ಜ್ ಮಾತ್ರ ಮಾಡಿಕೊಳ್ಳುತ್ತದೆ, ಮಾಹಿತಿ ಕೊಡುವುದಿಲ್ಲ. ಸಿಕ್ಕ ಫೋನನ್ನು ಯಾರೋ ತಮ್ಮ ಕಂಪ್ಯೂಟರಿಗೆ ಜೋಡಿಸಿ ಫೋಟೊ ಎತ್ತಿಕೊಳ್ಳಬಾರದಲ್ಲ. ಆದರೂ ಫೋನ್ ಎಂಟಿಪಿ ಸಾಧನವೆಂದೇ ಪರಿಚಯಿಸಿಕೊಳ್ಳುವುದುಂಟು. ಸೆಷನ್ ತೆರೆಯುತ್ತದೆ, ಸಂಗ್ರಹ ಎಷ್ಟೆಂದು ಕೇಳಿದರೆ ಸೊನ್ನೆ ಎನ್ನುತ್ತದೆ. ಲಿನಕ್ಸ್ ಆ ಸೊನ್ನೆಯನ್ನು ಖಾಲಿ ಫೋಲ್ಡರ್ ಮಾಡಿ ತೋರಿಸುತ್ತದೆ. ಯಾವ ದೋಷಸಂದೇಶವೂ ಬರುವುದಿಲ್ಲ, ಏಕೆಂದರೆ ದೋಷವೇ ಆಗಿಲ್ಲ.

ಉಬುಂಟು ಲ್ಯಾಪ್‌ಟಾಪ್‌ಗೆ ಪಿಕ್ಸೆಲ್ ಫೋನ್ ಜೋಡಿಸಿದ್ದೀರಿ ಎನ್ನೋಣ. ಮೊದಲು ಟರ್ಮಿನಲ್‌ನಲ್ಲಿ ಹೀಗೆ ಕೇಳಿ:

```
lsusb
```

ಈ ಬಗೆಯ ಸಾಲು ಬರಬೇಕು:

```
ID 18d1:4ee1 Google Inc. Nexus/Pixel Device (MTP)
```

ಫೋನಿನ ಸಾಲೇ ಇಲ್ಲದಿದ್ದರೆ ಕೇಬಲ್ಲನ್ನು ಅನುಮಾನಿಸಿ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ವಿದ್ಯುತ್ತಿನ ತಂತಿ ಮಾತ್ರ ಇರುತ್ತದೆ, ಮಾಹಿತಿ ಹೋಗುವ ತಂತಿ ಇರುವುದಿಲ್ಲ. ಅಂಥದರಲ್ಲಿ ಫೋನ್ ಚಾರ್ಜ್ ಆಗುತ್ತದೆ, ಲ್ಯಾಪ್‌ಟಾಪ್‌ಗೆ ಅದರ ಸುಳಿವೇ ಸಿಗುವುದಿಲ್ಲ. ಸಾಲು ಇದ್ದೂ ಫೋಲ್ಡರ್ ಖಾಲಿ ಇದ್ದರೆ ಫೋನಿನ ಲಾಕ್ ತೆಗೆದು, ಮೇಲಿನಿಂದ ನೋಟಿಫಿಕೇಶನ್ ಪರದೆ ಎಳೆದು, ಯುಎಸ್‌ಬಿ ಕುರಿತ ಸೂಚನೆಯನ್ನು ಒತ್ತಿ `File transfer` ಆರಿಸಿ. ಆಗ ಫೋನ್ ಕ್ಷಣಕಾಲ ಸಂಪರ್ಕ ಕಡಿದು ಮತ್ತೆ ಜೋಡಿಸಿಕೊಳ್ಳುತ್ತದೆ. ಮೊದಲೇ ತೆರೆದಿಟ್ಟ ಖಾಲಿ ಕಿಟಕಿ ಹಳೆಯ ಸೆಷನ್ನಿನದು. ಅದನ್ನು ಮುಚ್ಚಿ ಫೋನಿನ ಹೆಸರನ್ನು ಮತ್ತೆ ಒತ್ತಿ. ಕೇಬಲ್ ಕಿತ್ತು ಮತ್ತೆ ಹಾಕಿದಾಗ ಸಾಮಾನ್ಯವಾಗಿ ಈ ಆಯ್ಕೆಯನ್ನು ಹೊಸದಾಗಿ ಮಾಡಬೇಕಾಗುತ್ತದೆ.

ಗ್ನೋಮ್ ಪರದೆಯಲ್ಲಿ ಈ ಮಾತುಕತೆ ನಡೆಸುವುದು `gvfs`. ಟರ್ಮಿನಲ್‌ನಿಂದಲೇ ಮೌಂಟ್ ಮಾಡಬೇಕೆಂದಿದ್ದರೆ `jmtpfs` ಎಂಬ ಸಣ್ಣ ತಂತ್ರಾಂಶವಿದೆ:

```
mkdir -p ~/phone
jmtpfs ~/phone
ls ~/phone
fusermount -u ~/phone
```

ಇಲ್ಲಿ ಇನ್ನೊಂದು ತೊಡಕು ಕಾದಿರುತ್ತದೆ. ಫೋನ್ ಒಬ್ಬರ ಜೊತೆ ಮಾತ್ರ ಮಾತಾಡುತ್ತದೆ. ಫೈಲ್ ಮ್ಯಾನೇಜರ್ ಆಗಲೇ ಅದನ್ನು ಹಿಡಿದಿದ್ದರೆ `jmtpfs`ಗೆ ಸಾಧನ ಕೆಲಸದಲ್ಲಿದೆ ಎಂಬರ್ಥದ ದೂರು ಬರುತ್ತದೆ. ಫೈಲ್ ಮ್ಯಾನೇಜರಿನಲ್ಲಿ ಫೋನನ್ನು ಎಜೆಕ್ಟ್ ಮಾಡಿ ಮತ್ತೆ ಪ್ರಯತ್ನಿಸಿ. ಫೋನ್ ಇನ್ನೂ ಬರೀ ಚಾರ್ಜ್ ಸ್ಥಿತಿಯಲ್ಲಿರುವಾಗಲೇ ಮೌಂಟ್ ಮಾಡಿದ್ದರೆ `~/phone` ಕೂಡ ಖಾಲಿಯೇ ಕಾಣುತ್ತದೆ. ಮೇಲಿನ ಕೊನೆಯ ಆದೇಶದಿಂದ ಬಿಡಿಸಿ, `File transfer` ಆರಿಸಿ, ಮತ್ತೆ ಮೌಂಟ್ ಮಾಡಿ.

ಫೋಲ್ಡರ್ ತುಂಬಿ ಕಂಡಮೇಲೂ ಅದು ನಿಜವಾದ ಡಿಸ್ಕ್ ಅಲ್ಲ ಎಂಬುದು ನೆನಪಿರಲಿ. ಎಂಟಿಪಿಯ ಮೂಲ ನಿಯಮಗಳಲ್ಲಿ ಫೋನಿಗೆ ಫೈಲ್ ಬರೆಯಬೇಕಾದರೆ ಅದನ್ನು ಇಡಿಯಾಗಿಯೇ ಕಳಿಸಬೇಕು. ನಡುವಿನ ಒಂದು ಸಾಲು ಬದಲಿಸಲು ಅವಕಾಶವಿಲ್ಲ. ಫೋನಿನಲ್ಲಿರುವ ಫೈಲನ್ನು ಅಲ್ಲಿಂದಲೇ ತೆರೆದು ತಿದ್ದಿ ಸೇವ್ ಮಾಡಲು ಹೋದಾಗ ಕೆಲವು ತಂತ್ರಾಂಶಗಳು ಮುಗ್ಗರಿಸುವುದು ಇದರಿಂದಲೇ. ಮೊದಲು ಲ್ಯಾಪ್‌ಟಾಪ್‌ಗೆ ಪ್ರತಿ ಮಾಡಿಕೊಂಡು, ಅಲ್ಲಿ ತಿದ್ದಿ, ಮರಳಿ ಕಳಿಸಿ. ದೊಡ್ಡ ವಿಡಿಯೊಗಳಿಗೂ ಇದೇ ಕ್ರಮ ಒಳ್ಳೆಯದು, ಮತ್ತು ಪ್ರತಿ ಮುಗಿಯುವ ತನಕ ಕೇಬಲ್ ಅಲುಗಾಡಿಸಬೇಡಿ.