ನಡುರಾತ್ರಿ ಬರುವ ಸಾವಿನ ಭಯ

ಮಲಗಿ ಎರಡು ಗಂಟೆಯಾಗಿರುತ್ತದೆ. ಕನಸಿಲ್ಲ, ಸದ್ದಿಲ್ಲ; ಥಟ್ಟನೆ ಎಚ್ಚರ. ಎದೆ ಡವಡವ, ಉಸಿರು ಸಾಲದು, ಈಗ ಸತ್ತೇ ಹೋಗುತ್ತೇನೆ ಎಂಬ ಖಾತ್ರಿ. ಮುಂಬಯಿಯಲ್ಲಿ ಒಬ್ಬನೇ ಇರುವ ನನಗೆ ಇದು ಹಲವು ಸಲ ಆಗಿದೆ. ಮೊದಲ ಸಲ ಆಸ್ಪತ್ರೆಗೆ ಹೋದೆ. ಇಸಿಜಿ, ಥೈರಾಯ್ಡ್ ಎರಡೂ ಸರಿಯಿದ್ದವು. ರಾತ್ರಿಯ ಪ್ಯಾನಿಕ್ ಅಟ್ಯಾಕ್ ಎಂದರು ವೈದ್ಯರು. ಇದು ಕೆಟ್ಟ ಕನಸಿನಿಂದ ಬರುವುದಲ್ಲ. ನಿದ್ದೆ ಗಾಢವಾಗುವ ಹೊತ್ತಿಗೆ ಬರುತ್ತದೆ. ಸಾಮಾನ್ಯವಾಗಿ 10 ನಿಮಿಷದೊಳಗೆ ತೀವ್ರವಾಗಿ, ಆಮೇಲೆ ಇಳಿಯುತ್ತದೆ.

ಈಗ ನಾನು ಎದ್ದು ಕೂತು, ಅಂಗಾಲನ್ನು ನೆಲಕ್ಕೆ ಊರಿ, ಗಂಟೆ ಎಷ್ಟೆಂದು ಬರೆದಿಡುತ್ತೇನೆ. ಮತ್ತೆ ಮತ್ತೆ ನಾಡಿ ಹಿಡಿದು ನೋಡುವುದಿಲ್ಲ. ನೋಡಿದಷ್ಟೂ ಹೆದರಿಕೆ ಏರುತ್ತದೆ. ನಾಲ್ಕು ಎಣಿಸುತ್ತ ಉಸಿರೆಳೆದು, ಆರು ಎಣಿಸುತ್ತ ಬಿಡುತ್ತೇನೆ. ದೊಡ್ಡ ದೊಡ್ಡ ಉಸಿರು ಬೇಡ. ಅದರಿಂದ ತಲೆ ತಿರುಗಿ ಬೆರಳು ಜುಮ್ಮೆನ್ನುತ್ತವೆ, ಸಾವು ಬಂತೆಂದೇ ಅನಿಸುತ್ತದೆ.

ಎದೆ ಹಿಂಡಿದಂತಾಗಿ ನೋವು ತೋಳಿಗೋ ದವಡೆಗೋ ಹರಡಿದರೆ, ತಣ್ಣನೆ ಬೆವರಿದರೆ, ಪ್ಯಾನಿಕ್ ಎಂದು ಸುಮ್ಮನಿರದೆ 108ಕ್ಕೆ ಕರೆ ಮಾಡಬೇಕು. ಗೊರಕೆಯ ನಡುವೆ ಉಸಿರುಗಟ್ಟಿ ಏಳುವವರು ಸ್ಲೀಪ್ ಅಪ್ನಿಯಾ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಹೆದರಿ ನಿದ್ದೆಗೆಟ್ಟರೆ ಮರುರಾತ್ರಿ ಇನ್ನೂ ಕಷ್ಟ. ಆದ್ದರಿಂದ ಎದೆಬಡಿತ ಇಳಿದ ಮೇಲೆ ದೀಪ ಆರಿಸಿ ಮಲಗುತ್ತೇನೆ. ಮಾತಾಡಲೇಬೇಕೆನಿಸಿದರೆ ಸರ್ಕಾರದ ಟೆಲಿ ಮಾನಸ್ ಇದೆ: 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ.