ಟರ್ಬೈನಿನ ನಡುವಿನಿಂದ ಹೊರಡುವ ಹಬೆ

ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ, ಕೃಷ್ಣಾ ನದಿಯ ದಂಡೆಯ ಮೇಲೆ, 1985ರಿಂದ ಕಲ್ಲಿದ್ದಲು ಸುಟ್ಟು ವಿದ್ಯುತ್ ತಯಾರಿಸುವ ಸ್ಥಾವರವಿದೆ. ಇಂಥ ಸ್ಥಾವರಗಳಲ್ಲಿ ಟರ್ಬೈನಿಗೆ ನುಗ್ಗಿದ ಹಬೆಯೆಲ್ಲ ಕೊನೆಯ ಚಕ್ರದವರೆಗೆ ಹೋಗುವುದಿಲ್ಲ. ಒಂದಷ್ಟನ್ನು ನಡುದಾರಿಯಲ್ಲೇ ಹೊರಗೆಳೆದು, ಬಾಯ್ಲರಿಗೆ ಮರಳುವ ನೀರನ್ನು ಕಾಯಿಸಲು ಬಳಸುತ್ತಾರೆ. ಇನ್ನೂ ಚಕ್ರ ತಿರುಗಿಸಬಲ್ಲ ಹಬೆಯನ್ನು ಹೀಗೆ ಕಿತ್ತುಕೊಂಡರೆ ನಷ್ಟವಲ್ಲವೇ?

ಲೆಕ್ಕ ಹಾಕಿಯೇ ನೋಡಬಹುದು. ನಿಜವಾದ ಸ್ಥಾವರದಲ್ಲಿ ನೀರು ಕಾಯಿಸುವ ಹೀಟರುಗಳು ಹಲವು. ಇಲ್ಲಿ ಒಂದೇ ಹೀಟರು ಇರುವ ಸರಳ ಚಕ್ರವನ್ನು ತೆಗೆದುಕೊಳ್ಳೋಣ. ಹಬೆ 100 ಬಾರ್ ಒತ್ತಡದಲ್ಲಿ, 500 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಟರ್ಬೈನಿಗೆ ಬರುತ್ತದೆ. 5 ಬಾರಿಗೆ ಇಳಿದಾಗ ಒಂದು ಪಾಲು ಹೊರಬೀಳುತ್ತದೆ. ಉಳಿದದ್ದು 0.1 ಬಾರಿನವರೆಗೆ ಇಳಿದು, ಕಂಡೆನ್ಸರಿನಲ್ಲಿ ತಣಿದು, ಸುಮಾರು 46 ಡಿಗ್ರಿಯ ನೀರಾಗುತ್ತದೆ.

ಈ ನೀರೂ ಹೊರಗೆಳೆದ ಹಬೆಯೂ ಒಂದೇ ಪಾತ್ರೆಯಲ್ಲಿ ನೇರವಾಗಿ ಬೆರೆತರೆ ಅದು ತೆರೆದ ಮಾದರಿಯ ಹೀಟರು. ಸ್ಥಾವರದಲ್ಲಿ ಆ ಕೆಲಸ ಮಾಡುವುದು ಡಿಏರೇಟರ್. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೊರಹಾಕಿ, ಬಾಯ್ಲರಿನ ಕೊಳವೆಗಳಿಗೆ ತುಕ್ಕು ಹಿಡಿಯದಂತೆ ಕಾಯುವುದೂ ಅದೇ.

ಎಷ್ಟು ಹಬೆ ಬೇಕು? ಬಕೆಟ್ಟಿನಲ್ಲಿ ಬಿಸಿನೀರಿಗೆ ತಣ್ಣೀರು ಬೆರೆಸಿ ಸ್ನಾನಕ್ಕೆ ಹದ ಮಾಡುವಾಗಿನ ಲೆಕ್ಕವೇ ಇದು: ಒಳಗೆ ಬಂದ ಶಾಖವೆಲ್ಲ ಹೊರಹೋಗುವ ನೀರಿನಲ್ಲಿರಬೇಕು. ಸ್ಟೀಮ್ ಟೇಬಲ್ ನೋಡಿದರೆ, 5 ಬಾರಿನಲ್ಲಿ ಹೊರಗೆಳೆದ ಹಬೆಯ ಎಂಥಾಲ್ಪಿ ಕಿಲೋಗೆ 2654 ಕಿಲೋಜೂಲ್. ಕಂಡೆನ್ಸರಿನಿಂದ ಪಂಪು ತಳ್ಳಿದ ನೀರಿನದು 192. ಅದೇ 5 ಬಾರಿನಲ್ಲಿ ಕುದಿಯುವ ಹಂತ ಮುಟ್ಟಿ ಹೊರಡುವ ನೀರಿನದು 640. ಹೊರಡುವ ಒಂದು ಕಿಲೋ ನೀರಿನಲ್ಲಿ ಹಬೆಯ ಪಾಲು y ಆದರೆ, ಕಂಡೆನ್ಸರಿನಿಂದ ಬಂದದ್ದು 1 − y:

2654y + 192(1 − y) = 640

ಬಿಡಿಸಿದರೆ y = 448 ÷ 2462, ಅಂದರೆ 0.182. ಟರ್ಬೈನಿಗೆ ಬಂದ ಪ್ರತಿ ಕಿಲೋ ಹಬೆಯಲ್ಲಿ 182 ಗ್ರಾಂ ತೆಗೆಯಬೇಕು.

ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ಹಬೆ ಕೊಡುವ ಶಾಖ ಕಿಲೋಗೆ 2014, ನೀರಿಗೆ ಬೇಕಾದದ್ದು 448 ಎಂದು ಭಾಗಿಸಿ 0.222 ಎನ್ನುತ್ತಾರೆ. ಆ ಸಂಖ್ಯೆ ಸುಳ್ಳಲ್ಲ, ಆದರೆ ಅದು ಕಂಡೆನ್ಸರಿನಿಂದ ಬಂದ ಒಂದು ಕಿಲೋ ನೀರಿಗೆ ಬೇಕಾದ ಹಬೆ. ಎರಡೂ ಬೆರೆತ ಮೇಲೆ 1.222 ಕಿಲೋ ಆಗುತ್ತದೆ. 0.222ನ್ನು ಅದರಿಂದ ಭಾಗಿಸಿದರೆ ಮತ್ತೆ 0.182 ಸಿಗುತ್ತದೆ.

ಈಗ ನಷ್ಟದ ಪ್ರಶ್ನೆಗೆ ಬರೋಣ. ಹೊರಗೆಳೆದ ಹಬೆ ಅದಾಗಲೇ ಕಿಲೋಗೆ 721 ಕಿಲೋಜೂಲ್ ಕೆಲಸ ಕೊಟ್ಟಾಗಿದೆ. ಮುಂದೆ ಹೋಗಿದ್ದರೆ ಇನ್ನೂ 564 ಕೊಡುತ್ತಿತ್ತು, ಆದರೆ ಅದಕ್ಕಾಗಿ ಸುಮಾರು 1900 ಕಿಲೋಜೂಲ್ ಶಾಖವನ್ನು ಕಂಡೆನ್ಸರಿನ ತಂಪು ನೀರಿಗೆ ಸುರಿಯಬೇಕಿತ್ತು. ಹೊರಗೆಳೆದರೆ ಆ ಶಾಖ ಬಾಯ್ಲರಿಗೇ ವಾಪಸು. ಟರ್ಬೈನಿಗೆ ಬರುವ ಪ್ರತಿ ಕಿಲೋ ಹಬೆಯ ಲೆಕ್ಕದಲ್ಲಿ ಕೈಬಿಟ್ಟ ಕೆಲಸ ಸುಮಾರು 103 ಕಿಲೋಜೂಲ್, ಬಾಯ್ಲರಿನಲ್ಲಿ ಉಳಿದ ಶಾಖ 449. ಹೀಟರಿಲ್ಲದ ಚಕ್ರದಲ್ಲಿ ಅಷ್ಟೇ ಶಾಖದಿಂದ 180 ಕಿಲೋಜೂಲ್ ಕೆಲಸ ಬರುತ್ತಿತ್ತು. ಬಿಟ್ಟದ್ದಕ್ಕಿಂತ ಉಳಿಸಿದ್ದರ ಬೆಲೆ ಹೆಚ್ಚು. ಹಾಗಾಗಿ ದಕ್ಷತೆ ಶೇ. 40.2ರಿಂದ 43.0ಕ್ಕೆ ಏರುತ್ತದೆ. ಬದಲಿಗೆ ಅಷ್ಟೇ ವಿದ್ಯುತ್ತಿಗೆ ಸುಮಾರು ಶೇ. 9ರಷ್ಟು ಹೆಚ್ಚು ಹಬೆ ಹರಿಸಬೇಕು.

ಇದೆಲ್ಲ ಘರ್ಷಣೆಯಿಲ್ಲದ ಆದರ್ಶ ಟರ್ಬೈನಿನ ಲೆಕ್ಕ. ಟರ್ಬೈನಿನ ದಕ್ಷತೆ ಶೇ. 85 ಎಂದಿಟ್ಟುಕೊಂಡರೆ ಹೊರಬರುವ ಹಬೆ ಇನ್ನಷ್ಟು ಬಿಸಿಯಾಗಿದ್ದು ಎಂಥಾಲ್ಪಿ 2762ಕ್ಕೇರುತ್ತದೆ, y 0.174ಕ್ಕೆ ಇಳಿಯುತ್ತದೆ.

ಡಿಏರೇಟರಿನ ತೊಟ್ಟಿಯನ್ನು ಕಟ್ಟಡದ ಎತ್ತರದಲ್ಲಿ ಇಡುವುದಕ್ಕೂ ಈ ಲೆಕ್ಕಕ್ಕೂ ಸಂಬಂಧವಿದೆ. ನೀರು ಕುದಿಯುವ ಅಂಚಿನಲ್ಲಿರುತ್ತದೆ. ಒತ್ತಡ ಸ್ವಲ್ಪ ಕುಸಿದರೂ ಫೀಡ್ ಪಂಪಿನ ಬಾಯಲ್ಲೇ ಹಬೆಯ ಗುಳ್ಳೆ ಏಳುತ್ತದೆ. ಆಗ ಜಲ್ಲಿಕಲ್ಲು ಉರುಳಿದಂಥ ಸದ್ದಾಗುತ್ತದೆ, ಪಂಪು ನಡುಗುತ್ತದೆ, ಒತ್ತಡದ ಮುಳ್ಳು ಅಲುಗಾಡುತ್ತದೆ. ತೊಟ್ಟಿ ಮೇಲಿದ್ದರೆ ನೀರಿನ ಭಾರವೇ ಪಂಪಿಗೆ ಬೇಕಾದ ಹೆಚ್ಚಿನ ಒತ್ತಡ ಕೊಡುತ್ತದೆ.

ಹೀಟರು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ತೊಟ್ಟಿಯ ಉಷ್ಣತೆ ಮತ್ತು ಒತ್ತಡವನ್ನು ಜೊತೆಗಿಟ್ಟು ನೋಡಬೇಕು. 5 ಬಾರಿಗೆ ನೀರು 152 ಡಿಗ್ರಿ ಮುಟ್ಟಿರಬೇಕು. ಅದಕ್ಕಿಂತ ತೀರಾ ಕಡಿಮೆಯಿದ್ದರೆ ಹಬೆ ಸಾಲುತ್ತಿಲ್ಲ, ಇಲ್ಲವೇ ನೀರಿನೊಂದಿಗೆ ಸರಿಯಾಗಿ ಬೆರೆಯುತ್ತಿಲ್ಲ. ಆಮ್ಲಜನಕವೂ ಪೂರ್ತಿ ಹೋಗಿರುವುದಿಲ್ಲ. ಆದರೆ ಗೇಜಿನ ಮುಳ್ಳು ತೋರಿಸುವುದು ವಾತಾವರಣಕ್ಕಿಂತ ಹೆಚ್ಚಿರುವ ಒತ್ತಡವನ್ನು ಮಾತ್ರ. ಮುಳ್ಳು 4ರಲ್ಲಿದ್ದರೆ ಸ್ಟೀಮ್ ಟೇಬಲಿನಲ್ಲಿ ನೋಡಬೇಕಾದದ್ದು 5ರ ಸಾಲು. ಅದನ್ನು ಮರೆತು 4ರ ಸಾಲು ನೋಡಿದರೆ 144 ಡಿಗ್ರಿ ಎಂದು ಸಿಗುತ್ತದೆ, ಆಗ 8 ಡಿಗ್ರಿ ಕಡಿಮೆ ಕಾದ ನೀರೂ ಸರಿಯಾಗಿ ಕಾದಿದೆ ಎನ್ನಿಸಿಬಿಡುತ್ತದೆ.