ಎಂಆರ್ ಲಸಿಕೆಯಲ್ಲಿ ಇಲ್ಲದ ಇನ್ನೊಂದು ‘ಎಂ’

ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ 9 ತಿಂಗಳು ತುಂಬಿದಾಗ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ ಮಕ್ಕಳಿಗೆ ಉಚಿತವಾಗಿ ಹಾಕೋ ಎಂಆರ್ ಲಸಿಕೆ ದಡಾರ, ರುಬೆಲ್ಲಾಗಷ್ಟೇ. ಮಂಗನಬಾವಿಗೂ ರಕ್ಷಣೆ ಬೇಕಂದ್ರೆ ಖಾಸಗಿ ಕ್ಲಿನಿಕ್‌ನಲ್ಲಿ ದುಡ್ಡು ಕೊಟ್ಟು ಎಂಎಂಆರ್ ಹಾಕಿಸಬೇಕು.

ಕೆನ್ನೆ ಊದಿ ವಾರ-ಹತ್ತು ದಿನದಲ್ಲಿ ಇಳಿಯೋ ಕಾಯಿಲೆ ತಾನೇ ಅಂತೀರಾ? ಅಪರೂಪಕ್ಕೆ ಅದರ ವೈರಸ್ ಒಳಕಿವಿಗೆ ಹೋಗಿ ಶಬ್ದ ಹಿಡಿಯುವ ಕೋಶಗಳನ್ನೇ ಹಾಳುಮಾಡುತ್ತೆ. ಅವು ಮತ್ತೆ ಹುಟ್ಟಲ್ಲ. ಸಾಮಾನ್ಯವಾಗಿ ಹೋಗೋದು ಒಂದೇ ಕಿವಿ, ಹಾಗಾಗಿ ಮನೆಯವರಿಗೆ ಗೊತ್ತೇ ಆಗಲ್ಲ. ಮಗು ಫೋನನ್ನು ಯಾವಾಗಲೂ ಒಂದೇ ಕಿವಿಗೆ ಹಿಡಿಯುತ್ತೆ, ಕರೆದರೆ ತಪ್ಪು ದಿಕ್ಕಿಗೆ ತಿರುಗುತ್ತೆ. ಶಾಲೆಯಲ್ಲಿ ‘ಗಮನ ಕೊಡಲ್ಲ’ ಅನ್ನೋ ಹಣೆಪಟ್ಟಿ ಬೇರೆ.

ಒಂದೇ ಸೂಜಿಯಲ್ಲಿ ಮೂರಕ್ಕೂ ಲಸಿಕೆ ಇರುವಾಗ ಬಡವರ ಮಕ್ಕಳಿಗೆ ಎರಡೇ ಸಾಕು ಅನ್ನೋ ಲೆಕ್ಕ ನನಗಂತೂ ಒಪ್ಪಿಗೆಯಿಲ್ಲ. ಸದ್ಯಕ್ಕೆ, ಮಂಗನಬಾವು ಬಂದುಹೋದ ಮಗುವಿನ ಎರಡೂ ಕಿವಿಗಳನ್ನು ಬೇರೆಬೇರೆಯಾಗಿ ಪರೀಕ್ಷೆ ಮಾಡಿಸಿ.